150 ಎಎಚ್ ಬ್ಯಾಟರಿ ಎರಡೂವರೆ ಗಂಟೆ ಯಾಕೆ ಬರೋದಿಲ್ಲ? ಹುಳು ಮನೆಯ ಇನ್ವರ್ಟರ್ ಲೆಕ್ಕ



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಲ್ಲಿ ಹುಳು ಮನೆಗಳಿಗೆ ವೈರಿಂಗ್, ಇನ್ವರ್ಟರ್ ಕೆಲಸ ಮಾಡೋನು ನಾನು. ಬೇಸಿಗೆ ಬಂತು ಅಂದ್ರೆ ಫೋನಿನಲ್ಲಿ ಒಂದೇ ದೂರು. ಕನಕಪುರ ಕಡೆಯ ಒಬ್ಬ ಯುವ ರೈತರು ಕೇಳಿದ ರೀತಿಯಲ್ಲೇ ಹೇಳ್ತೀನಿ: "ಅಣ್ಣಾ, ಬ್ಯಾಟರಿ ಮೇಲೆ 150 ಎಎಚ್ ಅಂತ ಬರ್ದವ್ರೆ. ಲೆಕ್ಕ ಹಾಕುದ್ರೆ ಎರಡೂವರೆ ಗಂಟೆ ಬರ್ಬೇಕು. ಒಂದೂವರೆ ಗಂಟೆಗೇ ಇನ್ವರ್ಟರ್ ಕೂಗ್ಕೊಳ್ತದೆ. ಬ್ಯಾಟರಿ ಹೋಯ್ತಾ, ಇಲ್ಲ ನಂಗೆ ಮೋಸ ಆಯ್ತಾ?"

ಎರಡೂ ಅಲ್ಲ. ಬ್ಯಾಟರಿ ಚೆನ್ನಾಗೇ ಇತ್ತು, ಮೇಲೆ ಬರೆದಿದ್ದ ನಂಬರೂ ಸುಳ್ಳಲ್ಲ. ಆದರೆ ಆ ನಂಬರ್ ಒಂದು ಷರತ್ತಿನ ಮೇಲೆ ಮಾತ್ರ ನಿಜ. ಕರೆಂಟನ್ನು ನಿಧಾನವಾಗಿ ಎಳೆದರೆ 150 ಸಿಗುತ್ತೆ. ಜೋರಾಗಿ ಎಳೆದರೆ ಅದೇ ಬ್ಯಾಟರಿ 100ಕ್ಕೇ ಕೈ ಎತ್ತುತ್ತೆ.

ಹುಳು ಸಾಕೋರಿಗೆ ಇದು ಬರೀ ಲೆಕ್ಕದ ಮಾತಲ್ಲ. ನಾಲ್ಕನೇ ಜ್ವರ ಎದ್ದ ಹುಳು ಸೊಪ್ಪು ತಿನ್ನೋ ರಭಸ ನಿಮಗೆ ಗೊತ್ತು. ಶೀಟ್ ಮನೆಯಲ್ಲಿ ಗಾಳಿ ಆಡದೆ ಕಾವು ಏರಿದರೆ ಸಪ್ಪೆ ರೋಗ ಕಾದು ಕೂತಿರುತ್ತೆ. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟ ಮೇಲಂತೂ ಎರಡು ಮೂರು ದಿನ ಗಾಳಿಯೇ ಮುಖ್ಯ. ಹುಳು ಗೂಡು ಕಟ್ಟೋ ಮುಂಚೆ ಮೂತ್ರ ಬಿಡುತ್ತೆ, ಆ ತೇವ ಹೊರಗೆ ಹೋಗದಿದ್ದರೆ ಗೂಡಿನ ನೂಲು ಸರಿಯಾಗಿ ಬಿಚ್ಚಿಕೊಳ್ಳೋದಿಲ್ಲ. ಅಂಥ ಗೂಡಿಗೆ ರಾಮನಗರ ಮಾರುಕಟ್ಟೆಯಲ್ಲಿ ರೀಲರ್‌ಗಳು ಕೊಡೋ ಬೆಲೆಯೇ ಬೇರೆ. ಆ ರಾತ್ರಿ ಕರೆಂಟ್ ಹೋಗಿ, ಇನ್ನೂ ಒಂದು ಗಂಟೆ ಬರುತ್ತೆ ಅಂದುಕೊಂಡ ಬ್ಯಾಟರಿ ನಿಂತುಬಿಟ್ಟರೆ ಪೆಟ್ಟು ಬೀಳೋದು ಇಡೀ ಬೆಳೆಗೆ. ಹಾಗಾಗಿ ಈ ವಾರ ಈ ಒಂದು ವಿಷಯವನ್ನೇ ಪೂರ್ತಿ ನೋಡೋಣ.

ಬ್ಯಾಟರಿ ಮೇಲಿನ ನಂಬರ್ ಹೇಳೋದೇನು?

ಎಎಚ್ ಅಂದ್ರೆ ಆಂಪಿಯರ್-ಅವರ್. ಎಷ್ಟು ಆಂಪಿಯರ್ ಎಳೆದೆವು, ಎಷ್ಟು ಗಂಟೆ ಎಳೆದೆವು, ಎರಡನ್ನೂ ಗುಣಿಸಿದರೆ ಬರೋದು. 150 ಎಎಚ್ ಅಂದ ತಕ್ಷಣ ನಾವು 15 ಆಂಪಿಯರ್‌ನಲ್ಲಿ 10 ಗಂಟೆ, 60 ಆಂಪಿಯರ್‌ನಲ್ಲಿ ಎರಡೂವರೆ ಗಂಟೆ, 150 ಆಂಪಿಯರ್‌ನಲ್ಲಿ ಒಂದು ಗಂಟೆ ಅಂತ ಭಾಗಿಸಿಬಿಡ್ತೀವಿ. ನೀರಿನ ತೊಟ್ಟಿಗೆ ಆ ಲೆಕ್ಕ ಸರಿ. 150 ಲೀಟರ್ ತೊಟ್ಟಿಯಿಂದ ದೊಡ್ಡ ನಲ್ಲಿಯಲ್ಲಿ ಬಿಟ್ಟರೂ, ಸಣ್ಣ ನಲ್ಲಿಯಲ್ಲಿ ಬಿಟ್ಟರೂ 150 ಲೀಟರೇ ಬರುತ್ತೆ. ಬ್ಯಾಟರಿ ತೊಟ್ಟಿಯಲ್ಲ.

ನಿಮ್ಮ ಇನ್ವರ್ಟರ್ ಬ್ಯಾಟರಿಯ ಲೇಬಲ್ ನೋಡಿ. 150 ಎಎಚ್ ಪಕ್ಕದಲ್ಲೋ ಕೆಳಗೋ ಸಣ್ಣ ಅಕ್ಷರದಲ್ಲಿ 'ಸಿ20' ಅಂತ ಇರುತ್ತೆ. ಇದರರ್ಥ, ಪೂರ್ತಿ ಚಾರ್ಜ್ ಆದ ಬ್ಯಾಟರಿಯನ್ನು 20 ಗಂಟೆಯಲ್ಲಿ ಖಾಲಿ ಆಗುವಷ್ಟು ನಿಧಾನವಾಗಿ ಎಳೆದಾಗ ಸಿಕ್ಕ ಅಳತೆ ಇದು. 150 ಅನ್ನು 20ರಿಂದ ಭಾಗಿಸಿದರೆ ಏಳೂವರೆ. ಅಂದ್ರೆ ಗಂಟೆಗಟ್ಟಲೆ ಬರೀ 7.5 ಆಂಪಿಯರ್ ಎಳೆದರೆ 150 ಎಎಚ್. ಇನ್ವರ್ಟರ್ ಮೂಲಕ 7.5 ಆಂಪಿಯರ್‌ನಲ್ಲಿ ನಡೆಯೋದು ಹೆಚ್ಚು ಕಡಿಮೆ ಒಂದು ಫ್ಯಾನ್. ಹುಳು ಮನೆಯಲ್ಲಿ ನಾವು ಎಳೆಯೋದು ಅದರ ಏಳೆಂಟು ಪಟ್ಟು.

ಒಳಗೆ ಏನಾಗುತ್ತೆ?

ಇದನ್ನು ಬೋರ್‌ವೆಲ್‌ನಿಂದ ಅರ್ಥ ಮಾಡಿಕೊಳ್ಳೋದು ಸುಲಭ. ಕಡಿಮೆ ನೀರಿರೋ ಬೋರ್‌ವೆಲ್‌ಗೆ ದೊಡ್ಡ ಮೋಟಾರ್ ಇಳಿಸಿದರೆ ಏನಾಗುತ್ತೆ? ಅರ್ಧ ಗಂಟೆ ಜೋರಾಗಿ ಹೊಡೆದು ಆಮೇಲೆ ಗಾಳಿ ಎಳೆಯೋಕೆ ಶುರು ಮಾಡುತ್ತೆ. ಭೂಮಿಯೊಳಗೆ ನೀರಿಲ್ಲ ಅಂತಲ್ಲ. ಬಂಡೆ ಸಂದಿಯಿಂದ ಕೊಳವೆಗೆ ನೀರು ಬಂದು ಸೇರೋ ವೇಗಕ್ಕಿಂತ ನಾವು ಎಳೆಯೋ ವೇಗ ಜಾಸ್ತಿ ಆಗಿದೆ, ಅಷ್ಟೇ. ಮೋಟಾರ್ ಆಫ್ ಮಾಡಿ ಒಂದು ಗಂಟೆ ಬಿಟ್ಟರೆ ಮತ್ತೆ ನೀರು ನಿಂತಿರುತ್ತೆ. ಅದೇ ಬೋರ್‌ವೆಲ್‌ಗೆ ಸಣ್ಣ ಮೋಟಾರ್ ಹಾಕಿದ್ದರೆ ನಿಲ್ಲದೆ ನಡೀತಿತ್ತು.

ಲೆಡ್-ಆಸಿಡ್ ಬ್ಯಾಟರಿಯೊಳಗೂ ಹೀಗೇ. ಅದರ ಪ್ಲೇಟುಗಳು ಗಟ್ಟಿ ತಗಡಲ್ಲ, ಸ್ಪಂಜಿನ ಹಾಗೆ ಸಣ್ಣ ಸಣ್ಣ ರಂಧ್ರ ಇರೋ ಸೀಸ. ಸುತ್ತ ಇರೋದು ಗಂಧಕಾಮ್ಲ ಬೆರೆಸಿದ ನೀರು. ಕರೆಂಟ್ ಎಳೆದಾಗ ಪ್ಲೇಟಿನ ರಂಧ್ರದೊಳಗಿನ ಆಸಿಡ್ ಸೀಸದ ಜೊತೆ ಸೇರಿ ಖರ್ಚಾಗುತ್ತೆ. ಆ ರಂಧ್ರಕ್ಕೆ ಹೊಸ ಆಸಿಡ್ ಹೊರಗಿನ ದ್ರವದಿಂದ ನಿಧಾನವಾಗಿ ಹರಡಿಕೊಂಡು ಬರಬೇಕು. ಅದಕ್ಕೆ ಸಮಯ ಬೇಕು.

ನಿಧಾನವಾಗಿ ಎಳೆದರೆ ಖರ್ಚಾದಷ್ಟು ಆಸಿಡ್ ಬಂದು ಸೇರುತ್ತೆ, ಪ್ಲೇಟಿನ ಒಳಗಿನ ಭಾಗವೂ ಕೆಲಸ ಮಾಡುತ್ತೆ. ಜೋರಾಗಿ ಎಳೆದರೆ ಎರಡು ತೊಂದರೆ ಒಟ್ಟಿಗೆ ಬರುತ್ತವೆ. ರಂಧ್ರದೊಳಗಿನ ಆಸಿಡ್ ಬೇಗ ತೆಳ್ಳಗಾಗುತ್ತೆ. ಅದೇ ಹೊತ್ತಿಗೆ ಪ್ಲೇಟಿನ ಹೊರಮೈಯಲ್ಲಿ ಸೀಸದ ಸಲ್ಫೇಟ್ ಕಟ್ಟಿಕೊಂಡು ರಂಧ್ರಗಳ ಬಾಯಿಯನ್ನೇ ಕಿರಿದು ಮಾಡುತ್ತೆ. ಒಳಗೆ ಇನ್ನೂ ಬಳಸದ ಸೀಸ ಇದೆ, ಹೊರಗೆ ಇನ್ನೂ ಆಸಿಡ್ ಇದೆ, ಆದರೆ ಎರಡೂ ಒಂದನ್ನೊಂದು ತಲುಪೋಕೆ ಆಗ್ತಿಲ್ಲ. ವೋಲ್ಟೇಜ್ ಕುಸಿಯುತ್ತೆ.

ಇದರ ಜೊತೆ ಇನ್ನೊಂದು ಸಣ್ಣ ಕಾರಣವೂ ಸೇರಿಕೊಳ್ಳುತ್ತೆ. ಬ್ಯಾಟರಿಯ ಒಳಗೆ, ವೈರಿನಲ್ಲಿ, ಟರ್ಮಿನಲ್‌ನಲ್ಲಿ ಒಂದಿಷ್ಟು ತಡೆ ಇದ್ದೇ ಇರುತ್ತೆ. ಎಲ್ಲಾ ಸೇರಿ ಒಂದು ಓಮ್‌ನ ನೂರನೇ ಒಂದು ಭಾಗ ಅಂತಿಟ್ಟುಕೊಳ್ಳಿ. 7.5 ಆಂಪಿಯರ್ ಹರಿದಾಗ ಅಲ್ಲಿ ಕಳೆಯೋದು 0.075 ವೋಲ್ಟ್, ಲೆಕ್ಕಕ್ಕೇ ಇಲ್ಲ. 60 ಆಂಪಿಯರ್ ಹರಿದಾಗ 0.6 ವೋಲ್ಟ್ ಹೋಯ್ತು. ಇನ್ವರ್ಟರ್ ಸಾಮಾನ್ಯವಾಗಿ ಹತ್ತೂವರೆ ವೋಲ್ಟ್ ಹತ್ತಿರ ಬಂದಾಗ ಬ್ಯಾಟರಿ ಉಳಿಸೋಕೆ ಆಫ್ ಆಗುತ್ತೆ. ಅದು ನೋಡೋದು ವೋಲ್ಟೇಜ್ ಮಾತ್ರ, ಒಳಗೆ ಎಷ್ಟು ಉಳಿದಿದೆ ಅಂತಲ್ಲ. ಹಾಗಾಗಿ ಜೋರಾಗಿ ಎಳೆದಷ್ಟೂ ಆ ಗೆರೆ ಬೇಗ ಮುಟ್ಟುತ್ತೆ.

ಇಲ್ಲಿ ಒಂದು ಮಾತು ಸರಿಯಾಗಿ ಗಮನಿಸಿ. ಸಿಗದ ಆ 50 ಎಎಚ್ ಉರಿದು ಹೋಗಿಲ್ಲ. ಅದು ಬ್ಯಾಟರಿಯೊಳಗೇ ಕೂತಿದೆ. ಲೋಡ್ ಆಫ್ ಮಾಡಿ ಅರ್ಧ ಗಂಟೆ ಬಿಟ್ಟರೆ ಆಸಿಡ್ ರಂಧ್ರದೊಳಗೆ ಹರಡಿಕೊಂಡು ವೋಲ್ಟೇಜ್ ಮೇಲೇಳುತ್ತೆ. ಆಮೇಲೆ ಒಂದೆರಡು ಬಲ್ಬ್ ತುಂಬಾ ಹೊತ್ತು ಉರಿಯುತ್ತವೆ. ಬೋರ್‌ವೆಲ್‌ಗೂ ಬ್ಯಾಟರಿಗೂ ಇರೋ ವ್ಯತ್ಯಾಸ ಏನಪ್ಪಾ ಅಂದ್ರೆ, ಬೋರ್‌ವೆಲ್‌ಗೆ ಹೊರಗಿನಿಂದ ಹೊಸ ನೀರು ಬರುತ್ತೆ. ಬ್ಯಾಟರಿಗೆ ಚಾರ್ಜ್ ಮಾಡದೆ ಹೊಸದೇನೂ ಬರೋದಿಲ್ಲ, ಒಳಗಿದ್ದದ್ದೇ ಜಾಗ ಬದಲಿಸುತ್ತೆ.

ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ ಲೆಕ್ಕ

ಈ ಇಳಿತಕ್ಕೆ ಒಂದು ಸೂತ್ರ ಇದೆ. ವಿಲ್‌ಹೆಲ್ಮ್ ಪ್ಯೂಕರ್ಟ್ ಅನ್ನೋ ಜರ್ಮನ್ ವಿಜ್ಞಾನಿ 1897ರಲ್ಲಿ ಲೆಡ್-ಆಸಿಡ್ ಬ್ಯಾಟರಿಗಳ ಬಗ್ಗೆ ಇದನ್ನು ಹೇಳಿದರು. ಇಂದಿಗೂ ಅದೇ ಲೆಕ್ಕ ನಡೆಯುತ್ತೆ. ಅದರಲ್ಲಿ ಪ್ರತಿ ಬ್ಯಾಟರಿಗೂ ಒಂದು ಸಂಖ್ಯೆ ಇರುತ್ತೆ. ಎಷ್ಟೇ ಜೋರಾಗಿ ಎಳೆದರೂ ಎಎಚ್ ಕಡಿಮೆಯಾಗದ ಬ್ಯಾಟರಿಗೆ ಆ ಸಂಖ್ಯೆ 1. ಲೆಡ್-ಆಸಿಡ್ ಬ್ಯಾಟರಿಗಳಲ್ಲಿ ಇದು ಸಾಮಾನ್ಯವಾಗಿ 1.1ರಿಂದ 1.3ರ ಒಳಗೆ ಇರುತ್ತೆ. ಸಂಖ್ಯೆ ದೊಡ್ಡದಾದಷ್ಟೂ ಇಳಿತ ಜಾಸ್ತಿ. ನಾವು ನಡುವಿನ 1.2 ತಗೊಳ್ಳೋಣ.

ಮೊದಲು ಆಂಪಿಯರ್ ಕಂಡುಹಿಡಿಯಬೇಕು. 12 ವೋಲ್ಟಿನ ಒಂದೇ ಬ್ಯಾಟರಿ ಇರೋ ಇನ್ವರ್ಟರ್‌ಗೆ ಸುಲಭದ ದಾರಿ: ಒಟ್ಟು ವ್ಯಾಟ್ ಅನ್ನು 10ರಿಂದ ಭಾಗಿಸಿ. 12ರಿಂದ ಅಲ್ಲ, 10ರಿಂದ ಯಾಕೆ ಅಂದ್ರೆ ಇನ್ವರ್ಟರ್ ತಾನೇ ಒಂದಿಷ್ಟು ತಿನ್ನುತ್ತೆ.

ಕನಕಪುರದ ಆ ರೈತರ ಹುಳು ಮನೆಯಲ್ಲಿ ಇದ್ದ ಲೋಡ್ ಹೀಗಿತ್ತು. 75 ವ್ಯಾಟಿನ ನಾಲ್ಕು ಹಳೆ ಫ್ಯಾನ್, ಅದು 300. 50 ವ್ಯಾಟಿನ ಎರಡು ಎಕ್ಸಾಸ್ಟ್ ಫ್ಯಾನ್, ಅದು 100. ಒಂದು ಏರ್ ಕೂಲರ್ 150. 10 ವ್ಯಾಟಿನ ಐದು ಎಲ್‌ಇಡಿ ಬಲ್ಬ್, 50. ಒಟ್ಟು 600 ವ್ಯಾಟ್. ಹತ್ತರಿಂದ ಭಾಗಿಸಿದರೆ 60 ಆಂಪಿಯರ್.

ಈಗ ಮೊಬೈಲ್ ಕ್ಯಾಲ್ಕುಲೇಟರ್ ತೆಗೆದು ಫೋನ್ ಅಡ್ಡ ಹಿಡಿಯಿರಿ. ಸುಮಾರು ಫೋನ್‌ಗಳಲ್ಲಿ `xʸ` ಅಥವಾ `^` ಬಟನ್ ಕಾಣಿಸುತ್ತೆ. ಮೂರೇ ಹೆಜ್ಜೆ:

```
150 ÷ (60 × 20) = 0.125
0.125 ^ 1.2 = 0.0825
0.0825 × 20 = 1.65
```

ಮೊದಲ ಸಾಲಿನ 150 ಬ್ಯಾಟರಿಯ ಎಎಚ್, 60 ನಿಮ್ಮ ಆಂಪಿಯರ್, 20 ಅನ್ನೋದು ಲೇಬಲ್ ಮೇಲಿನ ಸಿ20ಯ 20. ಎರಡನೇ ಸಾಲಿನ 1.2 ಪ್ಯೂಕರ್ಟ್ ಸಂಖ್ಯೆ. ಕೊನೆಗೆ ಬಂದದ್ದು ಗಂಟೆ. 1.65 ಗಂಟೆ ಅಂದ್ರೆ 1 ಗಂಟೆ 39 ನಿಮಿಷ. ಅವರು ಫೋನಿನಲ್ಲಿ ಟೈಮ್ ಇಟ್ಟು ನೋಡಿದಾಗ ಬಂದಿದ್ದು 1 ಗಂಟೆ 35 ನಿಮಿಷ. 60 ಆಂಪಿಯರನ್ನು 1.65ರಿಂದ ಗುಣಿಸಿ ನೋಡಿ, 99. ಆ ರಾತ್ರಿ ಅವರ 150 ಎಎಚ್ ಬ್ಯಾಟರಿ ನಿಜವಾಗಿ 99 ಎಎಚ್ ಬ್ಯಾಟರಿಯಾಗಿತ್ತು.

ಲೋಡ್ ಅರ್ಧ ಮಾಡಿದರೆ ಎಷ್ಟು ಬರುತ್ತೆ?

ಈ ಲೆಕ್ಕದಿಂದ ನಮಗೆ ಸಿಗೋ ಲಾಭ ಇಲ್ಲಿದೆ. ಜೋರಾಗಿ ಎಳೆದಾಗ ಎಎಚ್ ಕಡಿಮೆ ಆಗುತ್ತೆ ಅಂದ ಮೇಲೆ, ಎಳೆಯೋದನ್ನು ಕಡಿಮೆ ಮಾಡಿದರೆ ಎಎಚ್ ವಾಪಸ್ ಬರುತ್ತೆ. ಲೋಡ್ ಅರ್ಧಕ್ಕೆ ಇಳಿಸಿದರೆ ಸಮಯ ಎರಡು ಪಟ್ಟಲ್ಲ, ಅದಕ್ಕಿಂತ ಜಾಸ್ತಿ ಸಿಗುತ್ತೆ.

ಅವರಿಗೆ ಹೇಳಿದ್ದು ಇಷ್ಟೇ. ಮೊದಲು ಕೂಲರ್ ಆಫ್ ಮಾಡಿ. ನಾಲ್ಕು ಫ್ಯಾನ್ ಒಟ್ಟಿಗೆ ಬೇಡ, ಎರಡೆರಡು ಸರದಿ ಮೇಲೆ ಓಡಲಿ. ಎಕ್ಸಾಸ್ಟ್ ಎರಡೂ ಇರಲಿ, ಬಲ್ಬೂ ಇರಲಿ. ಒಟ್ಟು 300 ವ್ಯಾಟ್, 30 ಆಂಪಿಯರ್. ಮೇಲಿನ ಮೂರು ಹೆಜ್ಜೆಯಲ್ಲಿ 60ರ ಜಾಗಕ್ಕೆ 30 ಹಾಕಿದರೆ ಬರೋದು 3.79, ಅಂದ್ರೆ 3 ಗಂಟೆ 47 ನಿಮಿಷ. ಮೊದಲಿನದ್ದಕ್ಕಿಂತ ಸುಮಾರು ಎರಡೂ ಕಾಲು ಪಟ್ಟು. ಮಾರನೇ ದಿನ ಬ್ಯಾಟರಿ ಪೂರ್ತಿ ಚಾರ್ಜ್ ಆದ ಮೇಲೆ ಅವರು ನೋಡಿದಾಗ 3 ಗಂಟೆ 40 ನಿಮಿಷ ಬಂತು.

ಹಳೆ ಫ್ಯಾನ್ ತೆಗೆದು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ ಸರದಿಯೂ ಬೇಡ. ನಾಲ್ಕು ಫ್ಯಾನ್ 120, ಎಕ್ಸಾಸ್ಟ್ 100, ಮೂರು ಬಲ್ಬ್ 30, ಒಟ್ಟು 250 ವ್ಯಾಟ್. ಅದು 25 ಆಂಪಿಯರ್. ಲೆಕ್ಕ 4 ಗಂಟೆ 43 ನಿಮಿಷ ಹೇಳುತ್ತೆ, ನಾಲ್ಕು ಫ್ಯಾನೂ ಓಡ್ತಾ ಇರುವಾಗಲೇ.

ಹಣ್ಣು ಬಿಟ್ಟ ರಾತ್ರಿಗಳ ವಿಷಯ ಬೇರೆ. ಆಗ ಕೂಲರ್ ಬೇಡವೇ ಬೇಡ, ಅದು ತೇವವನ್ನು ಇನ್ನೂ ಜಾಸ್ತಿ ಮಾಡುತ್ತೆ. ನಮಗೆ ಬೇಕಾಗಿರೋದು ತೇವ ಹೊರಗೆ ಹೋಗೋದು. ಎರಡು ಎಕ್ಸಾಸ್ಟ್, ಎರಡು ಬಿಎಲ್‌ಡಿಸಿ ಫ್ಯಾನ್ ಮೆಲ್ಲಗೆ, ಎರಡು ಬಲ್ಬ್. ಒಟ್ಟು 180 ವ್ಯಾಟ್, 18 ಆಂಪಿಯರ್. ಲೆಕ್ಕ ಹಾಕಿದರೆ 7 ಗಂಟೆ. ಒಂದೇ ಬ್ಯಾಟರಿ, ಎಲ್ಲಾ ಹಾಕಿದರೆ ಒಂದೂವರೆ ಗಂಟೆ ಚಿಲ್ಲರೆ, ಬೇಕಾದ್ದು ಮಾತ್ರ ಹಾಕಿದರೆ ಬೆಳಗಿನ ಜಾವದವರೆಗೆ.

ಆದರೆ ಈ ಗಂಟೆಗಳನ್ನು ಕೊನೇ ನಿಮಿಷದವರೆಗೂ ನಂಬಿ ಕೂರಬೇಡಿ. ಲೆಕ್ಕದಲ್ಲಿ ಬಂದದ್ದರ ಮುಕ್ಕಾಲು ಭಾಗ ಮಾತ್ರ ನಮ್ಮದು ಅಂತ ಇಟ್ಟುಕೊಳ್ಳಿ. 7 ಗಂಟೆ ಬಂದರೆ 5 ಗಂಟೆ ಚಿಲ್ಲರೆ. ಪದೇ ಪದೇ ಪೂರ್ತಿ ಖಾಲಿ ಮಾಡಿದರೆ ಬ್ಯಾಟರಿಯ ಆಯುಸ್ಸು ಕಡಿಮೆ ಆಗುತ್ತೆ. ಅರ್ಧ ಗಂಟೆ ಬಿಟ್ಟರೆ ವೋಲ್ಟೇಜ್ ಮೇಲೇಳುತ್ತಲ್ಲಾ ಅಂತ ದಿನಾ ಅದನ್ನೂ ಹಿಂಡೋಕೆ ಹೋಗಬೇಡಿ. ತುರ್ತಿಗೆ ಒಂದು ದಿನ ಸರಿ. ಖಾಲಿಯಾದ ಬ್ಯಾಟರಿ ಚಾರ್ಜ್ ಇಲ್ಲದೆ ಕೂತಷ್ಟೂ ಪ್ಲೇಟಿನ ಮೇಲಿನ ಸಲ್ಫೇಟ್ ಗಟ್ಟಿಯಾಗುತ್ತೆ, ಆಮೇಲೆ ಅದು ಚಾರ್ಜಿಗೂ ಕರಗೋದಿಲ್ಲ.

ಬ್ಯಾಟರಿ ಸತ್ತಿದೆಯೋ, ಜೋರಾಗಿ ಎಳೆದದ್ದೋ?

ಬೇಗ ಆಫ್ ಆಗೋ ಪ್ರತಿ ಬ್ಯಾಟರಿಯೂ ಒಳ್ಳೆಯದೇ ಅಂತ ನಾನು ಹೇಳ್ತಿಲ್ಲ. ನಿಜವಾಗಿ ಮುದಿಯಾದ ಬ್ಯಾಟರಿಯೂ ಹೀಗೇ ಮಾಡುತ್ತೆ. ಎರಡನ್ನೂ ಬೇರೆ ಮಾಡೋಕೆ ಸಣ್ಣ ಲೋಡಿನ ಪರೀಕ್ಷೆ ಮಾಡಿ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ, ನೀರಿನ ಮಟ್ಟ ಸರಿ ಇರಲಿ. 150 ವ್ಯಾಟ್ ಲೋಡ್ ಮಾತ್ರ ಹಾಕಿ, ಅಂದ್ರೆ 15 ಆಂಪಿಯರ್. ಲೆಕ್ಕದ ಪ್ರಕಾರ 8 ಗಂಟೆ 40 ನಿಮಿಷ ಬರಬೇಕು. ಏಳೆಂಟು ಗಂಟೆ ಬಂದರೆ ಬ್ಯಾಟರಿ ಚೆನ್ನಾಗಿದೆ, ನಿಮ್ಮ ತೊಂದರೆ ಜೋರಾಗಿ ಎಳೆಯೋದು. ಸಣ್ಣ ಲೋಡಿಗೂ ಮೂರು ನಾಲ್ಕು ಗಂಟೆಗೇ ನಿಂತರೆ, ಬ್ಯಾಟರಿ ಚಾರ್ಜ್ ಹಿಡಿಯೋ ಶಕ್ತಿಯನ್ನೇ ಕಳೆದುಕೊಂಡಿದೆ. ಆಗ ಲೋಡ್ ಕಡಿಮೆ ಮಾಡಿದರೂ ಹೆಚ್ಚು ಉಪಯೋಗ ಆಗೋದಿಲ್ಲ.

ಹೈಡ್ರೋಮೀಟರ್ ಇದ್ದರೆ ಇನ್ನೊಂದು ಗುರುತು ಸಿಗುತ್ತೆ. ಜೋರಾಗಿ ಎಳೆದು ಇನ್ವರ್ಟರ್ ಆಫ್ ಆದ ಮೇಲೆ ಆಸಿಡ್ ಅಳೆದು ನೋಡಿ. ಪೂರ್ತಿ ಖಾಲಿಯಾದ ಬ್ಯಾಟರಿ ತೋರಿಸೋವಷ್ಟು ಕೆಳಗೆ ರೀಡಿಂಗ್ ಇಳಿದಿರೋದಿಲ್ಲ. ಯಾಕಂದ್ರೆ ಹೊರಗಿನ ಆಸಿಡ್ ಪ್ಲೇಟಿನೊಳಗೆ ಹೋಗೋಕೆ ಮುಂಚೆಯೇ ಆಟ ಮುಗಿದಿದೆ. ಆರು ಸೆಲ್‌ಗಳಲ್ಲಿ ಒಂದೇ ಒಂದು ಬೇರೆಯವಕ್ಕಿಂತ ತುಂಬಾ ಕೆಳಗೆ ತೋರಿಸಿದರೆ ಮಾತ್ರ ಅದು ಪ್ಯೂಕರ್ಟ್ ಕಥೆಯಲ್ಲ, ಆ ಸೆಲ್ ಕೆಟ್ಟಿದೆ.

ನಿಮ್ಮ ಬ್ಯಾಟರಿಯ ಸಂಖ್ಯೆ 1.2 ಹೌದೋ ಅಲ್ಲವೋ ಅಂತಲೂ ನೀವೇ ನೋಡಬಹುದು. ಒಂದು ದಿನ 600 ವ್ಯಾಟ್, ಪೂರ್ತಿ ಚಾರ್ಜ್ ಆದ ಮೇಲೆ ಇನ್ನೊಂದು ದಿನ 300 ವ್ಯಾಟ್ ಹಾಕಿ ಎರಡರ ಸಮಯ ಬರೆದುಕೊಳ್ಳಿ. ಎರಡನೇದು ಮೊದಲನೇದರ ಎಷ್ಟು ಪಟ್ಟು ಅಂತ ನೋಡಿ. 2.14 ಪಟ್ಟು ಬಂದರೆ ಸಂಖ್ಯೆ 1.1. 2.3 ಪಟ್ಟು ಬಂದರೆ 1.2. ಎರಡೂವರೆ ಪಟ್ಟಿನ ಹತ್ತಿರ ಬಂದರೆ 1.3. ವರ್ಷಕ್ಕೆ ಒಂದು ಸಲ ಮಾಡಿದರೆ ಸಾಕು. ಬ್ಯಾಟರಿ ಹಳೆಯದಾದಂತೆ ಈ ಪಟ್ಟು ಮೇಲಕ್ಕೆ ಹೋಗುತ್ತೆ, ಅಂದ್ರೆ ಜೋರಾದ ಎಳೆತ ತಡೆದುಕೊಳ್ಳೋ ಶಕ್ತಿ ಕುಗ್ಗುತ್ತಿದೆ ಅಂತ ಅರ್ಥ.

ಈ ಸೂತ್ರಕ್ಕೂ ಮಿತಿ ಇದೆ. ಕರೆಂಟ್ ಒಂದೇ ಸಮನೆ ಹರಿಯುತ್ತೆ, ಬ್ಯಾಟರಿಯ ಶಾಖ ಬದಲಾಗೋದಿಲ್ಲ ಅಂತ ಅದು ನಂಬಿಕೊಂಡಿದೆ. ಚಳಿಗಾಲದ ರಾತ್ರಿ ಆಸಿಡ್ ಹರಡೋದು ಇನ್ನೂ ನಿಧಾನ, ಆಗ ಲೆಕ್ಕಕ್ಕಿಂತ ಕಡಿಮೆ ಬರುತ್ತೆ. ಲೋಡ್ ಆಗಾಗ ಆನ್ ಆಫ್ ಆಗ್ತಿದ್ದರೆ, ನಡುನಡುವೆ ಆಸಿಡ್ ಹರಡೋಕೆ ಬಿಡುವು ಸಿಕ್ಕಿ ಸ್ವಲ್ಪ ಜಾಸ್ತಿಯೇ ಬರಬಹುದು. ಹಾಗಾಗಿ ಹತ್ತು ನಿಮಿಷ ಆಚೀಚೆ ಆದರೆ ಗಾಬರಿ ಬೇಡ.

ಹೊಸದು ತಗೊಳ್ಳೋವಾಗ

ಅಂಗಡಿಯಲ್ಲಿ 150 ಎಎಚ್‌ನ ಎರಡು ಬ್ಯಾಟರಿ ಪಕ್ಕಪಕ್ಕ ಇಟ್ಟಿರ್ತಾರೆ, ಬೆಲೆ ಬೇರೆ ಬೇರೆ. ಒಂದರ ಮೇಲೆ ಸಿ20, ಇನ್ನೊಂದರ ಮೇಲೆ ಸಿ10. ಸೋಲಾರ್‌ಗೆ ಅಂತ ಮಾರೋವು ಸಾಮಾನ್ಯವಾಗಿ ಸಿ10. ಎರಡೂ ಒಂದೇ ಅಂತ ಕಡಿಮೆ ಬೆಲೆಯದ್ದಕ್ಕೆ ಕೈ ಹಾಕೋ ಮುಂಚೆ ನೋಡಿ. ಸಿ10 ಅಂದ್ರೆ 15 ಆಂಪಿಯರ್ ಎಳೆದಾಗಲೇ 150 ಕೊಡೋ ಬ್ಯಾಟರಿ. ಅಂದ್ರೆ ಅದು ನಿಜವಾಗಿ ದೊಡ್ಡದು. ನಮ್ಮ 60 ಆಂಪಿಯರ್ ಲೋಡಿಗೆ ಲೆಕ್ಕ ಹಾಕಿದರೆ, 20ರ ಜಾಗಕ್ಕೆ 10 ಹಾಕಬೇಕು, ಅದು 1 ಗಂಟೆ 54 ನಿಮಿಷ ಬರುತ್ತೆ. ಸಿ20 ಬ್ಯಾಟರಿಗಿಂತ ಕಾಲು ಗಂಟೆ ಜಾಸ್ತಿ. ಆ ಕಾಲು ಗಂಟೆಗೆ ಎಷ್ಟು ಹಣ ಕೊಡಬಹುದು ಅನ್ನೋದು ನಿಮ್ಮ ತೀರ್ಮಾನ, ಆದರೆ ವ್ಯತ್ಯಾಸ ಗೊತ್ತಿರಲಿ.

ಎರಡು ಬ್ಯಾಟರಿ ಹಾಕಿದರೆ? ಅದೇ 600 ವ್ಯಾಟನ್ನು ಎರಡು ಬ್ಯಾಟರಿ ಹಂಚಿಕೊಂಡರೆ ಒಂದೊಂದರಿಂದ ಎಳೆಯೋದು 30 ಆಂಪಿಯರ್ ಮಾತ್ರ. ಹಾಗಾಗಿ 1 ಗಂಟೆ 39 ನಿಮಿಷದ ಎರಡು ಪಟ್ಟಲ್ಲ, 3 ಗಂಟೆ 47 ನಿಮಿಷ ಬರುತ್ತೆ. 24 ವೋಲ್ಟ್ ಇನ್ವರ್ಟರ್‌ಗೆ ಎರಡನ್ನು ಸಾಲಾಗಿ ಜೋಡಿಸಿದರೂ ಇದೇ ಲೆಕ್ಕ. ಒಂದೇ ಷರತ್ತು: ಎರಡೂ ಒಂದೇ ಅಳತೆಯವು, ಒಂದೇ ವಯಸ್ಸಿನವು ಆಗಿರಬೇಕು. ಹಳೇದರ ಜೊತೆ ಹೊಸದು ಜೋಡಿಸಿದರೆ ಹಳೇದು ಹೊಸದನ್ನೂ ಹಾಳು ಮಾಡುತ್ತೆ.

ಲಿಥಿಯಂ ಬ್ಯಾಟರಿಯಲ್ಲಿ ಈ ಇಳಿತ ತುಂಬಾ ಕಡಿಮೆ, ಸಂಖ್ಯೆ 1ಕ್ಕೆ ಬಹಳ ಹತ್ತಿರ. ಹಾಗಾಗಿ ಜೋರಾಗಿ ಎಳೆಯೋ ಕಡೆ 100 ಎಎಚ್ ಲಿಥಿಯಂ, 150 ಎಎಚ್ ಲೆಡ್-ಆಸಿಡ್ ಬ್ಯಾಟರಿಗೆ ಸಮನಾಗಿ ನಿಲ್ಲಬಲ್ಲದು. ಬೆಲೆ ಜಾಸ್ತಿ, ಜೊತೆಗೆ ನಿಮ್ಮ ಈಗಿನ ಇನ್ವರ್ಟರಿನ ಚಾರ್ಜರ್ ಲಿಥಿಯಂಗೆ ಹೊಂದುತ್ತಾ ಅಂತ ಕೇಳಿಯೇ ತಗೊಳ್ಳಬೇಕು.

ಹುಳು ಇಲ್ಲದವರಿಗೂ ಈ ಲೆಕ್ಕ ಬೇಕು. ಬೆನ್ನಿಗೆ ಹಾಕೋ ಬ್ಯಾಟರಿ ಸ್ಪ್ರೇಯರ್ ತಗೊಳ್ಳಿ. ಒಳಗೆ 12 ವೋಲ್ಟಿನ 8 ಎಎಚ್ ಬ್ಯಾಟರಿ. ಒಂದು ಮೋಟಾರ್ 3 ಆಂಪಿಯರ್ ಎಳೆದರೆ ಲೆಕ್ಕ 1 ಗಂಟೆ 47 ನಿಮಿಷ ಹೇಳುತ್ತೆ. ಪ್ರೆಶರ್ ಚೆನ್ನಾಗಿರಲಿ ಅಂತ ಡಬಲ್ ಮೋಟಾರ್ ತಗೊಂಡು ಅದು 6 ಆಂಪಿಯರ್ ಎಳೆದರೆ ಅರ್ಧ, ಅಂದ್ರೆ 53 ನಿಮಿಷ ಬರಲ್ಲ, 46 ನಿಮಿಷಕ್ಕೇ ಸುಸ್ತಾಗುತ್ತೆ. ಡಬಲ್ ಮೋಟಾರ್ ಬೇಕು ಅಂದ್ರೆ ಬ್ಯಾಟರಿಯೂ ದೊಡ್ಡದಿರೋ ಮಾಡೆಲ್ ನೋಡಿ.

ಈ ವಾರ ಒಂದು ಕೆಲಸ ಮಾಡಿ. ಹುಳು ಮನೆಯ ಪ್ರತಿ ಫ್ಯಾನ್, ಕೂಲರ್, ಬಲ್ಬಿನ ಮೇಲಿನ ವ್ಯಾಟ್ ಓದಿ ಒಂದು ರಟ್ಟಿನ ಮೇಲೆ ಬರೆಯಿರಿ. ಎಲ್ಲಾ ಹಾಕಿದರೆ ಎಷ್ಟು ಗಂಟೆ, ಅರ್ಧ ಹಾಕಿದರೆ ಎಷ್ಟು, ಹಣ್ಣು ಬಿಟ್ಟ ರಾತ್ರಿ ಬೇಕಾದ್ದು ಮಾತ್ರ ಹಾಕಿದರೆ ಎಷ್ಟು ಅಂತ ಮೂರು ಸಾಲಿನಲ್ಲಿ ಬರೆದು ಇನ್ವರ್ಟರ್ ಪಕ್ಕದ ಗೋಡೆಗೆ ಅಂಟಿಸಿ. ನೀವು ಊರಲ್ಲಿಲ್ಲದ ರಾತ್ರಿ ಕರೆಂಟ್ ಹೋದರೆ, ಮನೆಯಲ್ಲಿ ಇರೋರು ಆ ರಟ್ಟು ನೋಡಿಯೇ ಮೊದಲು ಯಾವ ಸ್ವಿಚ್ ಆಫ್ ಮಾಡಬೇಕು ಅಂತ ತಿಳಿದುಕೊಳ್ತಾರೆ.